‘ಟೆನ್ಷನ್’ ಅಂದ್ರೆ ಯಾವ ಟೆನ್ಷನ್?

ನಿನ್ನೆ ಶಿರಸಿಯ ಅಕ್ಕನ ಮನೆಗೆ ಹೋಗಿದ್ದೆ. ಭಾವ ‘ಟೆನ್ಷನ್’ ಅಂದ್ರು. ಭಾವನ ಟೆನ್ಷನ್ ನೋಡಿ ತನಗೂ ಟೆನ್ಷನ್ ಅಂತ ಅಕ್ಕ ಅಂದಳು. ಆಚೆಮನೆಯವರು ಕವಳ ಹಾಕ್ತಾ ಬಂದು ‘ಟೆನ್ಷನ್ ಮಾಡ್ಕಳಡ ಮಾರಾಯ’ ಅಂತ ಪರಿಹಾರವನ್ನೂ ಕೊಟ್ಟು ಹೋದರು. ಎಷ್ಟು ಸುಲಭ ಅಲ್ವಾ! ಆಪ್ತಸಮಾಲೋಚನೆ ಅಂತ ನಾನು ಕಾರವಾರದಲ್ಲಿ ಸುಮ್ನೆ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ.

ಈ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಪರೀಕ್ಷೆಗೂ ಟೆನ್ಷನ್, ಸಾಲಕ್ಕೂ ಟೆನ್ಷನ್, ಮಗಳು ಫೋನ್ ಎತ್ತದಿದ್ದರೂ ಟೆನ್ಷನ್. ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಭಾರ ಆಯ್ತು ಅಂತ ಒದ್ದಾಡುವುದು.

ಭಾವನ ವಿಷಯಕ್ಕೆ ಬರುತ್ತೇನೆ. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ‘ಹೆಸರು ಹಾಕಡ’ ಅಂದಿದ್ದಾರೆ.) ಅಡಿಕೆ ತೋಟಕ್ಕೆ ಕೊಳೆರೋಗ ಬಾರದ ಹಾಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯುವ ಹೊತ್ತು. ಮಳೆ ಹೊಳವು ಕೊಡುತ್ತಿಲ್ಲ, ಮರ ಹತ್ತಿ ಹೊಡೆಯುವ ಕೊನೆಗೌಡ ಬರುತ್ತಿಲ್ಲ. ಹಾಗಾಗಿ ಅಕ್ಕನ ಮೇಲೆ, ನಾಯಿಯ ಮೇಲೆ, ಚಾಗೆ ಸಕ್ಕರೆ ಜಾಸ್ತಿ ಆಯ್ತು ಅಂತ ಸಕ್ಕರೆಯ ಮೇಲೂ ಕೂಗಾಟ.

‘ಭಾವ, ಟೆನ್ಷನ್ ಅನ್ನೋದು ಬಿಟ್ಟು ಹೇಳಿ. ಕೊಳೆ ಬರುತ್ತದೆ ಅಂತ ಹೆದರಿಕೆಯಾ?’ ಅಂದೆ. ಸ್ವಲ್ಪ ಹೌದಂತೆ. ಆದರೆ ಕೊಳೆ ಹಿಂದೆಯೂ ಬಂದಿತ್ತು, ಆಗ ಹೀಗೆ ಆಗಿರಲಿಲ್ಲ. ‘ಕೊನೆಗೌಡನ ಮೇಲೆ ಸಿಟ್ಟಾ?’ ಅಲ್ಲ, ಅವನಿಗೆ ಜ್ವರ, ಪಾಪ. ಆಮೇಲೆ ಸುಮಾರು ಹೊತ್ತು ಮಾತಿಲ್ಲ. ಕೊನೆಗೆ ಹೊರಬಿತ್ತು: ಪಕ್ಕದ ತೋಟದ ದಾಯಾದಿಯ ಹತ್ತಿರ ಆಳು ಇದ್ದಾನೆ. ಹೋದ ವರ್ಷ ಅವರು ಪಂಪು ಕೇಳಿದಾಗ ಭಾವ ಕೊಟ್ಟಿರಲಿಲ್ಲ. ಈಗ ಅವರ ಬಾಗಿಲಿಗೆ ಹೋಗಿ ಕೇಳಬೇಕು. ನಾಚಿಕೆ. ಅವರು ‘ಇಲ್ಲ’ ಅಂದರೆ ಅವಮಾನ.

ಅಷ್ಟು ಹೇಳಿದ ಮೇಲೆ ಸ್ವರ ಇಳಿಯಿತು. ಮಳೆ ಏನೂ ನಿಲ್ಲಲಿಲ್ಲ! ಆದರೆ ಏನು ಮಾಡಬೇಕು ಅನ್ನೋದು ಕಾಣಿಸಿತು. ಹೆದರಿಕೆಯಾದರೆ ತೋಟಕ್ಕೆ ಹೋಗಿ ಕಾಯಿ ನೋಡಬೇಕು. ಸಿಟ್ಟಾದರೆ ಜಗಳ ಆಡಿ ಮುಗಿಸಬೇಕು. ನಾಚಿಕೆಗೆ ಇವೆರಡೂ ಮದ್ದಲ್ಲ; ಹೋಗಿ ‘ಆವತ್ತು ಕೊಡಬೇಕಿತ್ತು’ ಅನ್ನಬೇಕು, ಇಲ್ಲಾ ಅಕ್ಕನನ್ನು ಕಳಿಸಬೇಕು. ಬರೀ ಟೆನ್ಷನ್ ಆದರೆ? ನಾಯಿಗೆ ಬೈಯಬೇಕು, ಅಷ್ಟೇ.

ನೀವು ಹೇಳುವುದು ಗೊತ್ತು: ‘ಕೆದಕಿದರೆ ಇನ್ನೂ ಜಾಸ್ತಿ ಆಗುತ್ತದೆ, ಮರೆತುಬಿಡೋದೇ ಒಳ್ಳೇದು.’ ಇದು ನಿಜವಾ ಅಂತ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದವರು ಜೇಡ ಕಂಡರೆ ನಡುಗುವ 88 ಜನರನ್ನು ನಿಜವಾದ ದೊಡ್ಡ ಜೇಡದ ಹತ್ತಿರ ಬರಲು ಹೇಳಿದರು. ಆ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕೆಲವರು ತಮಗೆ ಆಗುತ್ತಿರುವ ಹೆದರಿಕೆಯನ್ನು ಇದ್ದ ಹಾಗೇ ಬಾಯಿಬಿಟ್ಟು ಹೇಳಬೇಕಿತ್ತು. ಕೆಲವರು ‘ಇದೇನೂ ಮಾಡಲ್ಲ’ ಅಂತ ಸಮಾಧಾನ ಮಾಡಿಕೊಳ್ಳಬೇಕಿತ್ತು. ಕೆಲವರು ಬೇರೇನೋ ಮಾತಾಡಬೇಕಿತ್ತು, ಉಳಿದವರು ಸುಮ್ಮನಿರಬೇಕಿತ್ತು. ಒಂದು ವಾರದ ನಂತರ ಮತ್ತೆ ಜೇಡದ ಮುಂದೆ ತಂದಾಗ, ಹೆದರಿಕೆಯನ್ನು ಹೆಸರಿಟ್ಟು ಹೇಳಿದವರ ಕೈ ಉಳಿದವರಿಗಿಂತ ಕಡಿಮೆ ಬೆವರಿತ್ತು. ಹೆದರಿಕೆಯ ಶಬ್ದಗಳನ್ನು ಹೆಚ್ಚು ಬಳಸಿದವರಿಗೆ ಲಾಭವೂ ಹೆಚ್ಚು.

ಆದರೆ ‘ಎಷ್ಟು ಹೆದರಿಕೆ?’ ಅಂತ ಕೇಳಿದರೆ ಎಲ್ಲ ಗುಂಪಿನವರ ಉತ್ತರವೂ ಹೆಚ್ಚುಕಡಿಮೆ ಒಂದೇ. ಮೈ ಶಾಂತವಾಗಿದ್ದು ಅವರಿಗೇ ತಿಳಿದಿರಲಿಲ್ಲ. ‘ಹೇಳಿದ್ರೆ ಏನೂ ಕಡಿಮೆ ಆಗಲಿಲ್ಲ’ ಅಂತ ನನ್ನ ಹತ್ತಿರ ಬಂದು ದೂರುವವರಿಗೆ ಇದನ್ನೇ ಹೇಳುತ್ತೇನೆ: ಕೂಡಲೇ ಗೊತ್ತಾಗುವುದಿಲ್ಲ. ನಿದ್ದೆ ನೋಡಿ, ಸ್ವರ ನೋಡಿ, ಮನೆಯವರನ್ನು ಕೇಳಿ.

ಕೆದಕುವುದು ಅಂದಿರಲ್ಲ, ಅದು ಬೇರೆ. ‘ಅವನು ಯಾಕೆ ಹಾಗಂದ, ನನಗೇ ಯಾಕೆ ಹೀಗೆ’ ಅಂತ ರಾತ್ರಿಯಿಡೀ ಅಗಿಯುವುದು ಹೆಸರಿಡುವುದಲ್ಲ. ಹೆಸರಿಡುವುದು ಒಂದು ವಾಕ್ಯದ ಕೆಲಸ: ‘ನಾಳೆ ಅವರ ಮನೆಗೆ ಹೋಗಲು ನಾಚಿಕೆ ಆಗುತ್ತಿದೆ.’ ಹೇಳಿ ಎದ್ದುಬಿಡಿ. ಇನ್ನೊಂದು ಮಾತು. ಹೆಸರು ಬಾಯಿಗೆ ಬಂದ ತಕ್ಷಣ ‘ಬಿಡು, ಅದರಲ್ಲೇನಿದೆ’ ಅಂತ ಮೇಲೆ ಬೀಳಬೇಡಿ. ಹೆಸರಿಟ್ಟ ಬೆನ್ನಿಗೇ ಸಮಾಧಾನ ಮಾಡಿಕೊಳ್ಳುವುದು ಕಷ್ಟವಾಗುತ್ತದೆ ಅಂತ 2021ರ ಒಂದು ಅಧ್ಯಯನದಲ್ಲಿ ಕಂಡಿದೆ. ಅಕ್ಕ ಅದನ್ನೇ ಮಾಡಲು ಹೊರಟಿದ್ದಳು, ಕಣ್ಣು ಬಿಟ್ಟು ಸುಮ್ಮನಿರಿಸಿದೆ. ತಮ್ಮನಾದವನಿಗೆ ಸಿಗುವ ಅಪರೂಪದ ಅಧಿಕಾರ.

ಇಷ್ಟೆಲ್ಲ ಬರೆದು ನಾನೇನು ಶಾಂತಮೂರ್ತಿ ಅಂದುಕೊಳ್ಳಬೇಡಿ. ಈ ಬರಹವೇ ಸಿಟ್ಟಿನಿಂದ ಶುರುವಾಗಿದ್ದು. ಈಗ ನೋಡಿದರೆ ಅದರಲ್ಲಿ ಅರ್ಧ ಹೊಟ್ಟೆಕಿಚ್ಚು. ಆಚೆಮನೆಯವರು ಒಂದು ಕವಳ ಮುಗಿಸುವಷ್ಟರಲ್ಲಿ ಕೊಟ್ಟ ಸಲಹೆಗೆ ಭಾವ ತಲೆ ಆಡಿಸಿದರು. ನನಗೆ ‘ಎಂತಾ ಪ್ರಶ್ನೆ ಕೇಳ್ತೆ ನೀನು’ ಅಂದರು.