ಎರಡು ಸಾವಿರ ಲಾಭದ ಫ್ರಿಜ್ಜು

ಜುಲೈ 10ರಂದು ನಮ್ಮ ಮನೆಗೆ ಹೊಸ ಫ್ರಿಜ್ ಬಂತು. ಬೆಲೆ 40,000. ಕಾರ್ಡಿನಲ್ಲಿ ಕೊಂಡರೆ 5 ಪರ್ಸೆಂಟ್ ಕ್ಯಾಶ್‌ಬ್ಯಾಕ್, ಅಂದರೆ 2,000 ರೂಪಾಯಿ. ನಾನು ಅವತ್ತೇ ಧಾರವಾಡಕ್ಕೆ ಹೋಗಿ ಅರ್ಧ ಕಿಲೋ ಫೇಡೆ ತಂದು ಓಣಿಗೆಲ್ಲ ಹಂಚಿದೆ. ಗೆದ್ದವನು ಹಂಚಬೇಕಲ್ವಾ!

ಆಗಸ್ಟ್ 5ಕ್ಕೆ ಬಿಲ್ ಬಂತು, ಕಟ್ಟಲು 25ರವರೆಗೆ ಸಮಯ. 25ರಂದು ಕಟ್ಟಲು ಕೂತಾಗ ನನ್ನ ಬುದ್ಧಿ ಚುರುಕಾಯಿತು. ಮಳೆಗಾಲ, ಹಿತ್ತಲ ಹೆಂಚು ಸೋರುತ್ತಿತ್ತು. 30,000 ಕಟ್ಟಿ 10,000 ಕೈಯಲ್ಲಿ ಇಟ್ಟುಕೊಂಡರೇನು? ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್. ಹತ್ತು ಸಾವಿರಕ್ಕೆ 350. ಕ್ಯಾಶ್‌ಬ್ಯಾಕ್ 2,000. ಕಳೆದರೂ 1,650 ಲಾಭ!

"ರೀ, ಇಷ್ಟ್ ಸರಳ ಇದ್ರ ಬ್ಯಾಂಕಿನವರು ಉಪವಾಸ ಬೀಳ್ತಿದ್ರು ನೋಡ್ರಿ," ಅಂದಳು ಹೆಂಡತಿ. ನಾನು ನಕ್ಕೆ.

ಸೆಪ್ಟೆಂಬರ್ 5ರ ಬಿಲ್ಲಿನಲ್ಲಿ 350ರ ಸುಳಿವೇ ಇರಲಿಲ್ಲ. ಫೈನಾನ್ಸ್ ಚಾರ್ಜ್ 2,603, ಅದರ ಮೇಲೆ ಜಿಎಸ್‌ಟಿ 469. ಒಟ್ಟು 3,072.

ತಪ್ಪಾಗಿರಬೇಕು ಅಂತ ಬಿಲ್ ಹಿಡಿದು ದುರ್ಗದಬೈಲ್ ಹತ್ತಿರ ಕಿರಾಣಿ ಅಂಗಡಿ ಇಟ್ಟಿರುವ ಮಾವನ ಬಳಿ ಹೋದೆ. ಹೆಂಡತಿಯ ಅಪ್ಪ. ಕ್ರೆಡಿಟ್ ಕಾರ್ಡ್ ಮುಟ್ಟಿದವರಲ್ಲ, ಆದರೆ ನಲವತ್ತು ವರ್ಷ ಉದ್ರಿ ಪುಸ್ತಕ ಬರೆದವರು. ಚಷ್ಮಾ ಏರಿಸಿ ಹಿಂದಿನ ಪುಟದ ಸಣ್ಣ ಅಕ್ಷರ ಓದಿದರು.

"ಅಳಿಯಂದ್ರ, ನೀವು ಬಾಕಿಗೆ ಬಡ್ಡಿ ಲೆಕ್ಕಾ ಹಾಕೀರಿ. ಇವರು ಫ್ರಿಜ್ಜಿಗೆ ಹಾಕ್ಯಾರ. ಅದೂ ತಗೊಂಡ ದಿನದಿಂದ."

ಅಷ್ಟೇ ವಿಷಯ. ಪೂರ್ತಿ ಬಿಲ್ ಕಟ್ಟಿದರೆ ಮಾತ್ರ ಐವತ್ತು ದಿನಗಳವರೆಗಿನ ಬಡ್ಡಿಯಿಲ್ಲದ ಅವಧಿ. ಒಂದು ಪಾಲು ಉಳಿಸಿದೆವೋ, ಆ ರಿಯಾಯಿತಿ ಹಿಂದಕ್ಕೆ ಹೋಗುತ್ತದೆ. ನನ್ನ ಕಾರ್ಡಿನ ನಿಯಮದಂತೆ ಜುಲೈ 10ರಿಂದ ಆಗಸ್ಟ್ 25ರವರೆಗೆ, 46 ದಿನ, ಪೂರ್ತಿ 40,000ಕ್ಕೆ ಬಡ್ಡಿ. ವರ್ಷಕ್ಕೆ 42 ಪರ್ಸೆಂಟ್‌ನಂತೆ 2,117. ಆಮೇಲೆ ಉಳಿದ 10,000ಕ್ಕೆ ಬಿಲ್ ದಿನದವರೆಗೆ 11 ದಿನ, 127.

ಮಾವ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಬರೆದರು. ಆ 2,117ಕ್ಕೆ ಜಿಎಸ್‌ಟಿ ಸೇರಿಸಿದರೆ 2,498. ಕ್ಯಾಶ್‌ಬ್ಯಾಕ್ 2,000. ಅಂದರೆ ಉಳಿಸಿಕೊಂಡ ಹತ್ತು ಸಾವಿರದ ಬಡ್ಡಿ ಶುರುವಾಗುವ ಮೊದಲೇ ನಾನು ಸೋತಿದ್ದೆ. ಹತ್ತು ಸಾವಿರದ ಬದಲು ಎರಡೇ ಸಾವಿರ ಉಳಿಸಿದ್ದರೂ ಈ 2,498 ಹಾಗೇ ಇರುತ್ತಿತ್ತು. ಇದು ನನಗೆ ಫ್ರಿಜ್ಜಿಗಿಂತ ತಣ್ಣಗೆ ತಟ್ಟಿತು.

"ಮತ್ತ ಈ 359 ಏನು?" ಅಂದರು ಮಾವ.

ಅದು ಶ್ರಾವಣ. ಆಗಸ್ಟ್ 10ಕ್ಕೆ ತವರಿಗೆ ಬಂದ ತಂಗಿಗೆ ಸೀರೆ, ಮಕ್ಕಳಿಗೆ ಬಟ್ಟೆ ಅಂತ 12,000 ಉಜ್ಜಿದ್ದೆ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೂ ರಿಯಾಯಿತಿ ಇಲ್ಲ. ಕೊಂಡ ದಿನದಿಂದಲೇ ಮೀಟರ್. 26 ದಿನಕ್ಕೆ 359. ಆ ಖರೀದಿಗೆ ಸಿಕ್ಕ ಕ್ಯಾಶ್‌ಬ್ಯಾಕ್ 1 ಪರ್ಸೆಂಟ್, 120 ರೂಪಾಯಿ. ತಂಗಿಗೆ ಹೇಳಲಿಲ್ಲ, ಪಾಪ.

ಸೆಪ್ಟೆಂಬರ್ 25ಕ್ಕೆ ಹೆಂಚಿನ ದುಡ್ಡನ್ನೂ ಸೇರಿಸಿ ಒಂದು ಪೈಸೆ ಬಿಡದೆ ಎಲ್ಲ ಕಟ್ಟಿದೆ. ಕಾರ್ಡನ್ನು ಅಡುಗೆಮನೆಯ ಗೋಧಿ ಡಬ್ಬಿಯಲ್ಲಿ ಹೂತಿಟ್ಟೆ. ಅಕ್ಟೋಬರ್ 5ಕ್ಕೆ ಮತ್ತೆ ಬಿಲ್! 597 ರೂಪಾಯಿ. ಏನೂ ಕೊಂಡಿಲ್ಲ, ಎಲ್ಲ ಕಟ್ಟಿದ್ದೇನೆ. ಸಿಟ್ಟು ನೆತ್ತಿಗೇರಿ ಸಹಾಯವಾಣಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಸಮಾಧಾನವಾಗಿ ತಿಳಿಸಿದರು. ಸೆಪ್ಟೆಂಬರ್ 5ರ ಬಿಲ್ 5ನೇ ತಾರೀಖಿನವರೆಗಿನ ಬಡ್ಡಿ ಮಾತ್ರ ಹೇಳುತ್ತದೆ. ನಾನು ಕಟ್ಟಿದ್ದು 25ಕ್ಕೆ. ನಡುವಿನ 20 ದಿನ ಫ್ರಿಜ್ಜಿನ 10,000, ಸೀರೆಯ 12,000 ಬಡ್ಡಿ ತಿನ್ನುತ್ತಲೇ ಇದ್ದವು. ಅದು 506, ಜಿಎಸ್‌ಟಿ 91. ಬಿಲ್ ಬಂದ ದಿನವೇ ಕಟ್ಟಿದ್ದರೆ ಈ ಬಾಲ ಇರುತ್ತಿರಲಿಲ್ಲ.

ಜಿಎಸ್‌ಟಿ ಸೇರಿ ಒಟ್ಟು ಬಡ್ಡಿ 3,669, ಕ್ಯಾಶ್‌ಬ್ಯಾಕ್ 2,120. ಫೇಡೆಯ ಖರ್ಚು ಬೇರೆ.

"ಹೋಗ್ಲಿ ಬಿಡ್ರಿ," ಅಂದಳು ಹೆಂಡತಿ, "ಆ 2,120ರಾಗ ಒಂದ್ ಗಿರ್ಮಿಟ್ ಮಿರ್ಚಿ ತಿನ್ಸ್ರಿ." ಆಗ ನೆನಪಾಯಿತು, ಅದು ಕಾರ್ಡಿನ ಅಂಕಗಳಾಗಿ ಕೂತಿದೆ, ನಾವೇ ಕೇಳಿ ಪಡೆಯಬೇಕು. ಆ್ಯಪ್ ತೆರೆದು ಒತ್ತಿದೆ. ಪಡೆಯುವ ಶುಲ್ಕ 99 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ.