ಎರಡು ಸಲ ಪಾಸ್‌ವರ್ಡ್ ಬದಲಾಯಿಸಿದರೂ ಹೋಗದ ಅತಿಥಿ

ಶಿವಮೊಗ್ಗದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. "ಲೋ, ನಮ್ಮ ವೈಫೈಗೆ ಯಾರೋ ಸೇರ್ಕೊಂಡಿದಾರೆ ಕಣೋ. ತಿಂಗಳ ಡೇಟಾ ಇಪ್ಪತ್ತನೇ ತಾರೀಖಿಗೇ ಮುಗೀತಿದೆ. ಎರಡು ಸಲ ಪಾಸ್‌ವರ್ಡ್ ಬದಲಾಯಿಸಿದೆ. ಎರಡೇ ದಿನ, ಮತ್ತೆ ಹಾಜರ್!"

ಮೊದಲು ನಾನು ನಂಬಲಿಲ್ಲ. ರೂಟರ್ ಪಟ್ಟಿಯಲ್ಲಿ ಕಾಣುವ 'ಅಪರಿಚಿತ' ಫೋನ್ ಎಷ್ಟೋ ಸಲ ನಮ್ಮದೇ ಆಗಿರುತ್ತದೆ. ಈಗಿನ ಆಂಡ್ರಾಯ್ಡ್, ಐಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ, ಅಂದರೆ ಸಾಧನದ ಗುರುತಿನ ಸಂಖ್ಯೆ, ಬಚ್ಚಿಟ್ಟು ಸುಳ್ಳು ವಿಳಾಸ ತೋರಿಸುತ್ತವೆ. ಹಾಗಾಗಿ ಹೇಳಿದೆ: "ಚಿಕ್ಕಪ್ಪ, ಇವತ್ತು ರಾತ್ರಿ ಮನೆಯ ಫೋನ್, ಟಿವಿ, ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲದರ ವೈಫೈ ಆಫ್ ಮಾಡಿ. ಕಂಪ್ಯೂಟರನ್ನು ಮಾತ್ರ ಕೇಬಲ್ ಹಾಕಿ ರೂಟರ್‌ಗೆ ಸೇರಿಸಿ, ಪಟ್ಟಿ ನೋಡಿ." ನೋಡಿದರು. ವೈಫೈಯಲ್ಲಿ ಒಂದು ಸಾಧನ ಉಳಿದೇ ಇತ್ತು.

ಸರಿ, ಹಾಗಾದರೆ ಒಳಗೆ ಬಂದದ್ದು ಹೇಗೆ?

ಮೊದಲ ಪಾಸ್‌ವರ್ಡ್ ಏನಿತ್ತು ಅಂತ ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತು. ಕನೆಕ್ಷನ್ ಕೊಡಲು ಬಂದ ಹುಡುಗ ಚಿಕ್ಕಪ್ಪನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೇ ಕಥೆ ಅಲ್ವಾ? ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಫೋನ್ ವೈಫೈಗೆ ಸೇರುವಾಗ ರೂಟರ್ ಜೊತೆ ನಾಲ್ಕು ಸಂದೇಶಗಳ ಮಾತುಕತೆ ನಡೆಯುತ್ತದೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಹೋಗುವುದಿಲ್ಲ. ಆದರೆ ಆ ಮಾತುಕತೆಯನ್ನು ರಸ್ತೆಯಲ್ಲಿ ನಿಂತವನು ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದು. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದ ಶುರುವಾಗುತ್ತವೆ. ಉಳಿದ ಒಂಬತ್ತು ಅಂಕಿ ಏನು ಬೇಕಾದರೂ ಇರಬಹುದು. ಒಟ್ಟು 400 ಕೋಟಿ. ಕೇಳಲು ದೊಡ್ಡದು. ಗೇಮ್ ಆಡುವವರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಊಹೆ ತಾಳೆ ನೋಡುತ್ತದೆ ಅಂತಿಟ್ಟುಕೊಳ್ಳಿ. 4,000 ಸೆಕೆಂಡ್. ಒಂದು ಗಂಟೆ ಏಳು ನಿಮಿಷದಲ್ಲಿ ದೇಶದ ಅಷ್ಟೂ ನಂಬರ್ ಮುಗಿಯಿತು.

ಎರಡನೇ ಪಾಸ್‌ವರ್ಡ್ ಮೊಮ್ಮಗಳ ಹೆಸರು, ಮುಂದೆ ಅಟ್ ಚಿಹ್ನೆ, ಆಮೇಲೆ 1234. ಅದರ ಬಗ್ಗೆ ಹೇಳುವುದೇ ಬೇಡ.

ಆದರೆ ಮೂರನೆಯದು ನನ್ನ ತಂಗಿ ಹಾಕಿದ್ದು. ಹದಿನಾರು ಅಕ್ಷರ, ಅರ್ಥವಿಲ್ಲದ ಕಲಸುಮೇಲೋಗರ. ಅದನ್ನು ಊಹಿಸಿ ಹಿಡಿಯುವುದು ಆಗದ ಮಾತು. ಯಾರಿಗೂ ಹೇಳಿಯೂ ಇರಲಿಲ್ಲ. ಆದರೂ ಆಸಾಮಿ ಎರಡು ದಿನಕ್ಕೆ ವಾಪಸ್. ಅಂದರೆ ಅವನು ಪಾಸ್‌ವರ್ಡ್ ಊಹಿಸುತ್ತಿಲ್ಲ, ಬೇರೆ ಬಾಗಿಲಿನಿಂದ ಬರುತ್ತಿದ್ದಾನೆ.

ಆ ಬಾಗಿಲಿನ ಹೆಸರು ಡಬ್ಲ್ಯೂಪಿಎಸ್. ರೂಟರ್ ಹಿಂದೆ ಒಂದು ಪುಟ್ಟ ಗುಂಡಿ ಇರುತ್ತದಲ್ಲ, ಅದು. ಪಾಸ್‌ವರ್ಡ್ ಒತ್ತುವ ಕಷ್ಟ ಬೇಡ ಅಂತ ಮಾಡಿದ ಅನುಕೂಲ. ಗುಂಡಿ ಒತ್ತಿದರೆ ಎರಡು ನಿಮಿಷ ಬಾಗಿಲು ತೆರೆದಿರುತ್ತದೆ, ಪ್ರಿಂಟರೋ ಟಿವಿಯೋ ಸೇರಿಕೊಳ್ಳುತ್ತದೆ. ಇದರಲ್ಲಿ ಅಷ್ಟು ಅಪಾಯವಿಲ್ಲ, ಯಾರಾದರೂ ಮನೆಯೊಳಗೆ ಬಂದು ಒತ್ತಬೇಕು. ತೊಂದರೆ ಇರುವುದು ಅದರ ಇನ್ನೊಂದು ವಿಧಾನದಲ್ಲಿ. ರೂಟರ್ ತಳದ ಸ್ಟಿಕ್ಕರ್ ಮೇಲೆ ಎಂಟು ಅಂಕಿಯ ಒಂದು ಪಿನ್ ಇರುತ್ತದೆ. ಆ ಪಿನ್ ಹೇಳಿದವರಿಗೆ ರೂಟರ್ ತನ್ನ ಈಗಿನ ಪಾಸ್‌ವರ್ಡನ್ನೇ ಕೈಗಿಡುತ್ತದೆ. ಹದಿನಾರು ಅಕ್ಷರ ಇರಲಿ, ಅರವತ್ತಮೂರು ಅಕ್ಷರ ಇರಲಿ. ನೀವು ಪಾಸ್‌ವರ್ಡ್ ಬದಲಾಯಿಸಿದರೆ ಪಿನ್ ಬದಲಾಗುವುದಿಲ್ಲ. ಅದನ್ನು ಒಮ್ಮೆ ಕಂಡುಹಿಡಿದವನು ಮತ್ತೆ ಬಂದು ಅದೇ ಪಿನ್ ಹೇಳಿ ಹೊಸ ಪಾಸ್‌ವರ್ಡ್ ಇಸಿದುಕೊಂಡು ಹೋಗುತ್ತಾನೆ.

ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಅಷ್ಟು ಸಾಲದಾ ಅಂತ ಕೇಳಬಹುದು. ಎಡವಟ್ಟು ಆಗಿರುವುದೇ ಅಲ್ಲಿ. ಕೊನೆಯ ಅಂಕಿ ಬರೀ ತಾಳೆ ನೋಡುವ ಅಂಕಿ, ಮೊದಲ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ರೂಟರ್ ಎಂಟೂ ಅಂಕಿಯನ್ನು ಒಟ್ಟಿಗೆ ನೋಡುವುದಿಲ್ಲ. ಮೊದಲು ನಾಲ್ಕು ಅಂಕಿ ನೋಡುತ್ತದೆ, ತಪ್ಪಿದ್ದರೆ ಅಲ್ಲೇ ಬೇಡ ಅನ್ನುತ್ತದೆ. ಅಂದರೆ ಅರ್ಧ ಸರಿಯಿದೆಯೋ ಇಲ್ಲವೋ ಅಂತ ತಾನೇ ಬಾಯಿಬಿಡುತ್ತದೆ. ಮೊದಲ ಅರ್ಧಕ್ಕೆ 10,000 ಪ್ರಯತ್ನ, ಎರಡನೇ ಅರ್ಧಕ್ಕೆ ಮೂರೇ ಅಂಕಿ ಊಹಿಸಬೇಕಾದ್ದರಿಂದ 1,000. ಹತ್ತು ಕೋಟಿ ಅಂದುಕೊಂಡದ್ದು 11,000ಕ್ಕೆ ಇಳಿಯಿತು. ಒಂದು ಪ್ರಯತ್ನಕ್ಕೆ ಎರಡು ಸೆಕೆಂಡ್ ಹಿಡಿದರೂ ಆರು ಗಂಟೆ ಚಿಲ್ಲರೆ. ರಾತ್ರಿ ಲ್ಯಾಪ್‌ಟಾಪ್ ಬಿಟ್ಟು ಮಲಗಿದರೆ ಬೆಳಗಿನ ಕಾಫಿ ಹೊತ್ತಿಗೆ ಪಿನ್ ಕೈಯಲ್ಲಿ.

ಇದನ್ನು 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ಫೀಬೋಕ್ ಎಂಬಾತ ಬಯಲು ಮಾಡಿದ. ಆಮೇಲೆ ಬಂದ ರೂಟರ್‌ಗಳಲ್ಲಿ ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಪಿನ್ ಲಾಕ್ ಆಗುವ ವ್ಯವಸ್ಥೆ ಬಂತು. ಸಮಾಧಾನ ಪಡುವಷ್ಟರಲ್ಲಿ 2014ರಲ್ಲಿ ಡೊಮಿನಿಕ್ ಬೊಂಗಾರ್ ಇನ್ನೊಂದು ದಾರಿ ತೋರಿಸಿದ. ಕೆಲವು ಚಿಪ್‌ಗಳು ಈ ಮಾತುಕತೆಯಲ್ಲಿ ಬಳಸುವ ಗುಟ್ಟಿನ ಸಂಖ್ಯೆಗಳನ್ನು ಸರಿಯಾಗಿ ಕಲೆಸುವುದೇ ಇಲ್ಲ. ಅಂಥ ರೂಟರ್ ಜೊತೆ ಒಂದೇ ಒಂದು ಸಲ ಮಾತಾಡಿ, ಉಳಿದ ಲೆಕ್ಕವನ್ನು ತನ್ನ ಕಂಪ್ಯೂಟರಿನಲ್ಲೇ ಸೆಕೆಂಡುಗಳಲ್ಲಿ ಮುಗಿಸಬಹುದು. ಒಂದೇ ಪ್ರಯತ್ನ ಸಾಕಾದರೆ ಲಾಕ್ ಏನು ಮಾಡೀತು? ಐಫೋನ್ ಈ ಡಬ್ಲ್ಯೂಪಿಎಸ್ ಅನ್ನು ಯಾವತ್ತೂ ಸೇರಿಸಿಕೊಳ್ಳಲಿಲ್ಲ, ಆಂಡ್ರಾಯ್ಡ್ ಕೂಡ 9ನೇ ಆವೃತ್ತಿಯಲ್ಲಿ ಕೈಬಿಟ್ಟಿತು. ರೂಟರ್‌ಗಳಲ್ಲಿ ಮಾತ್ರ ಇನ್ನೂ ಎಷ್ಟೋ ಕಡೆ ಆನ್ ಆಗಿಯೇ ಬರುತ್ತದೆ. ನನ್ನ ಸಿಟ್ಟು ಇರುವುದು ಇದರ ಮೇಲೆ.

ಭಾನುವಾರ ಶಿವಮೊಗ್ಗಕ್ಕೆ ಹೋದೆ. ಹತ್ತು ವರ್ಷಕ್ಕೂ ಹಳೆಯ ರೂಟರ್, ಟಿವಿ ಪಕ್ಕದಲ್ಲಿ ಕ್ರೋಶಾ ಹೊದಿಕೆ ಹೊದ್ದು ಕೂತಿತ್ತು. ಮೊದಲು ಫೋನಿನಲ್ಲಿ ವೈಫೈ ಸ್ಕ್ಯಾನ್ ಮಾಡುವ ಒಂದು ಆ್ಯಪ್ ತೆರೆದೆ. ಚಿಕ್ಕಪ್ಪನ ನೆಟ್‌ವರ್ಕ್ ಹೆಸರಿನ ಕೆಳಗೆ ಹೀಗೆ ಬಂತು:

```
[WPA-PSK-TKIP+CCMP][WPA2-PSK-TKIP+CCMP][ESS][WPS]
```

ಕೊನೆಯ ಆವರಣದಲ್ಲಿ ಇರುವುದೇ ಆ ಬಾಗಿಲು. ರೂಟರ್ ಅದನ್ನು ಬೀದಿಗೆಲ್ಲ ಕೂಗಿ ಹೇಳುತ್ತಿದೆ.

ಆ ಸಾಲಿನ ಶುರುವಿನ ಭಾಗವೂ ಚೆನ್ನಾಗಿರಲಿಲ್ಲ. ಎನ್‌ಕ್ರಿಪ್ಷನ್ ಮೋಡ್ ಅಂದರೆ ಗಾಳಿಯಲ್ಲಿ ಹೋಗುವ ಮಾಹಿತಿಗೆ ಯಾವ ಬೀಗ ಅಂತ. `WEP` ಇದ್ದರೆ ಬೀಗವೇ ಇಲ್ಲ ಅಂದುಕೊಳ್ಳಿ, ನಿಮಿಷಗಳ ಕೆಲಸ. `TKIP` ಎಂಬುದು 2003ರ ಸುಮಾರಿನಲ್ಲಿ ಹಳೆಯ ಸಾಧನಗಳನ್ನು ಬದುಕಿಸಲು ಹಾಕಿದ ತೇಪೆ. `AES` ಅಂದರೆ ಈಗಲೂ ಗಟ್ಟಿಯಾದ ಬೀಗ. ಸ್ಕ್ಯಾನ್ ಆ್ಯಪ್ ಅದನ್ನೇ `CCMP` ಅಂತ ತೋರಿಸುತ್ತದೆ. ಎರಡೂ ಇರಲಿ ಅಂತ `TKIP+AES` ಇಟ್ಟರೆ, ಎಲ್ಲ ಸಾಧನಗಳಿಗೂ ಒಟ್ಟಿಗೆ ಹೋಗುವ ಸಂದೇಶಗಳಿಗೆ ದುರ್ಬಲವಾದ ಬೀಗವೇ ಬೀಳುತ್ತದೆ. ಬರೀ `TKIP` ಇಟ್ಟರಂತೂ ವೇಗವೂ 54 ಎಂಬಿಪಿಎಸ್ ದಾಟುವುದಿಲ್ಲ. ದುಡ್ಡು ಕೊಟ್ಟು ನೂರು ಎಂಬಿಪಿಎಸ್ ಹಾಕಿಸಿಕೊಂಡು ಸ್ಲೋ ಅಂತ ಬೈಯುವವರು ಒಮ್ಮೆ ಇದನ್ನು ನೋಡಿ.

ರೂಟರ್‌ನ `192.168.1.1` ಪುಟಕ್ಕೆ ಹೋಗಿ ಸೆಕ್ಯುರಿಟಿಯಲ್ಲಿ `WPA2-PSK`, ಎನ್‌ಕ್ರಿಪ್ಷನ್‌ನಲ್ಲಿ `AES` ಮಾತ್ರ ಆರಿಸಿದೆ. ಬೇರೆ ಪುಟದಲ್ಲಿದ್ದ ಡಬ್ಲ್ಯೂಪಿಎಸ್ ಆಫ್ ಮಾಡಿದೆ. ಇಷ್ಟಾದ ಮೇಲೆಯೇ ಪಾಸ್‌ವರ್ಡ್ ಬದಲಾಯಿಸಿದ್ದು. ಈ ಕ್ರಮ ಮುಖ್ಯ. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಯಾವತ್ತೋ ಡಬ್ಲ್ಯೂಪಿಎಸ್ ಮುಚ್ಚಿದರೆ ನಡುವೆ ಅವನು ಹೊಸ ಪಾಸ್‌ವರ್ಡ್ ಎತ್ತಿಕೊಂಡು ಹೋಗಿರಬಹುದು. ಹೊಸದನ್ನು ಒಂದಕ್ಕೊಂದು ಸಂಬಂಧವಿಲ್ಲದ ಕನ್ನಡ ಪದಗಳಿಂದ ಮಾಡಿದೆ, `hunase-tagadu-navilu-39-buguri` ತರಹ. ಚಿಕ್ಕಪ್ಪನಿಗೆ ಬಾಯಿಪಾಠವಾಗುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ಆಗುವುದಿಲ್ಲ.

"ಡಬ್ಲ್ಯೂಪಿಎಸ್ ತೆಗೆದರೆ ನನ್ನ ಪ್ರಿಂಟರ್ ಕೆಲಸ ಮಾಡುತ್ತೇನೋ?" ಅಂದರು. ಗುಂಡಿ ಒತ್ತಿ ಸೇರಿಸಿದ ಪ್ರಿಂಟರ್ ಕೂಡ ಪಾಸ್‌ವರ್ಡನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಡಬ್ಲ್ಯೂಪಿಎಸ್ ಮುಚ್ಚಿದರೆ ಏನೂ ಆಗದು. ಪಾಸ್‌ವರ್ಡ್ ಬದಲಾದ್ದಕ್ಕೆ ಮಾತ್ರ ಎಲ್ಲ ಸಾಧನಕ್ಕೂ ಮತ್ತೆ ಕೊಡಬೇಕಾಯಿತು. ಪ್ರಿಂಟರಿನ ಎರಡಿಂಚಿನ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಪಾಸ್‌ವರ್ಡ್ ಹಾಕುವಷ್ಟರಲ್ಲಿ ಚಿಕ್ಕಮ್ಮನ ಅವಲಕ್ಕಿ ತಣ್ಣಗಾಗಿತ್ತು.

ಮತ್ತೆ ಸ್ಕ್ಯಾನ್ ಮಾಡಿ ನೋಡಿದೆ. ಇದನ್ನು ಬಿಡಬೇಡಿ. ಕೆಲವು ಹಳೆಯ ರೂಟರ್‌ಗಳು ಪುಟದಲ್ಲಿ ಆಫ್ ಅಂತ ತೋರಿಸಿ ಒಳಗೆ ಆನ್ ಇಟ್ಟಿರುತ್ತವೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇದ್ದರೆ ಎರಡಕ್ಕೂ ಬೇರೆ ಬೇರೆ ಆಫ್ ಮಾಡಬೇಕಾಗಬಹುದು. ಇಲ್ಲಿ ಕೊನೆಯ ಆವರಣ ಮಾಯವಾಗಿ `[WPA2-PSK-CCMP][ESS]` ಅಷ್ಟೇ ಉಳಿದಿತ್ತು. ಸ್ಕ್ಯಾನ್‌ನಲ್ಲಿ ಇನ್ನೂ ಕಾಣುತ್ತಿದ್ದರೆ ಫರ್ಮ್‌ವೇರ್ ಅಪ್‌ಡೇಟ್ ನೋಡಿ, ಅದೂ ಇಲ್ಲವೆಂದರೆ ಆ ಡಬ್ಬಿಗೆ ನಿವೃತ್ತಿ ಕೊಡಿ. ಕಂಪನಿಯವರು ಕೊಟ್ಟ ಡಬ್ಬಿಯಲ್ಲಿ ಆಯ್ಕೆಯೇ ಕಾಣದಿದ್ದರೆ ಅವರಿಗೆ ಫೋನ್ ಮಾಡಿ ಆಫ್ ಮಾಡಿಸಿ.

ಹೊಸ ರೂಟರ್ ಇರುವವರಿಗೆ `WPA3` ಕಾಣುತ್ತದೆ. 2018ರಲ್ಲಿ ಬಂದದ್ದು. ಇದರಲ್ಲಿ ಮಾತುಕತೆ ಹಿಡಿದಿಟ್ಟುಕೊಂಡು ಮನೆಯಲ್ಲಿ ಕೂತು ಊಹಿಸುವ ಆಟ ನಡೆಯುವುದಿಲ್ಲ, ಪ್ರತಿ ಊಹೆಗೂ ರೂಟರ್ ಹತ್ತಿರವೇ ಬರಬೇಕು. ನಮ್ಮ ಮನೆಯಲ್ಲಿ ಹಾಕಿದ ದಿನ ಸಿಸಿ ಕ್ಯಾಮೆರಾ ಕಣ್ಣು ಮುಚ್ಚಿತು, ಅದಕ್ಕೆ ಇದು ಗೊತ್ತೇ ಇಲ್ಲ. `WPA2/WPA3` ಮಿಶ್ರ ಮೋಡ್ ಇಟ್ಟರೆ ಎರಡೂ ನಡೆಯುತ್ತವೆ. ಆದರೆ ಆ ಕ್ಯಾಮೆರಾ ಹಳೆಯ ರೀತಿಯಲ್ಲೇ ಮಾತಾಡುತ್ತದೆ, ಅದೂ ಅದೇ ಪಾಸ್‌ವರ್ಡ್ ಇಟ್ಟುಕೊಂಡು. ಅದಕ್ಕೇ ನಾನು ಕ್ಯಾಮೆರಾವನ್ನು ಬೇರೆ ಪಾಸ್‌ವರ್ಡ್ ಇರುವ ಗೆಸ್ಟ್ ನೆಟ್‌ವರ್ಕ್‌ಗೆ ತಳ್ಳಿ, ಫೋನು ಲ್ಯಾಪ್‌ಟಾಪುಗಳಿಗೆ ಬರೀ `WPA3` ಇಟ್ಟಿದ್ದೇನೆ.

ಶಿವಮೊಗ್ಗದ ಆಸಾಮಿ ಯಾರು ಅಂತ ಗೊತ್ತಾಗಲಿಲ್ಲ. ಡಬ್ಲ್ಯೂಪಿಎಸ್ ಪಿನ್ನಿನಿಂದಲೇ ಬಂದ ಅಂತ ಸಾಕ್ಷಿಯೂ ನನ್ನ ಹತ್ತಿರ ಇಲ್ಲ. ಆ ಭಾನುವಾರದ ನಂತರ ಪಟ್ಟಿಯಲ್ಲಿ ಅವನು ಕಂಡಿಲ್ಲ, ಡೇಟಾ ತಿಂಗಳ ಕೊನೆಯವರೆಗೆ ಬರುತ್ತಿದೆ.

ಮೊನ್ನೆ ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ರೂಟರ್ ತಲೆಕೆಟ್ಟಿತಂತೆ. ಚಿಕ್ಕಪ್ಪ ರೀಸೆಟ್ ಒತ್ತಿ, ಪಾಸ್‌ವರ್ಡ್ ಹಾಕಿ, ನಾನು ಕೇಳುವ ಮೊದಲೇ ಸ್ಕ್ಯಾನ್‌ನ ಸ್ಕ್ರೀನ್‌ಶಾಟ್ ಕಳಿಸಿದರು. ಕೊನೆಯ ಆವರಣ ಮತ್ತೆ ಬಂದಿತ್ತು. ಕೆಳಗೆ ಬರೆದಿದ್ದರು: "ರೀಸೆಟ್ ಮಾಡಿದ್ದಕ್ಕೆ ಬಾಗಿಲು ತಾನೇ ತೆಗೆದುಕೊಂಡಿದೆ. ಆಫ್ ಮಾಡೋ ಪುಟ ಎಲ್ಲಿತ್ತೋ?"