ಪ್ರೆಸಿಗೆ ಟೈಟಲ್ ಬೇಕಾ? ಒಂದು ಸ್ಪಷ್ಟನೆ

"ಪ್ರೆಸಿಯಲ್ಲಿ ಒಂದು ಪಾಯಿಂಟೂ ಬಿಡಬಾರದು, ಟೈಟಲ್ ಕೊಡಲೇಬೇಕು, ಉದ್ದ ಆದ್ರೂ ನಡೆಯುತ್ತೆ ಅಂತಾರೆ. ನಿಜಾನಾ?"

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್‌ ಪತ್ರಿಕೆಗೆ ಇದು ತಪ್ಪು. ಪ್ರೆಸಿ ಅಂದರೆ ಕೊಟ್ಟ ಪ್ಯಾಸೇಜ್‌ನ ಸಾರಾಂಶ. ಪ್ರಶ್ನೆಯಲ್ಲೇ ಬರೆದಿರುತ್ತದೆ: ಮೂಲದ ಮೂರನೇ ಒಂದು ಭಾಗದಷ್ಟು ಉದ್ದ, ನಿಮ್ಮದೇ ಮಾತು, ಟೈಟಲ್ ಬೇಡ. ಇದೊಂದಕ್ಕೇ 75 ಅಂಕ.

ಹೋದ ವಾರ ಕಲಬುರಗಿಯ ಲೈಬ್ರರಿಯಲ್ಲಿ ಒಬ್ಬ ಹುಡುಗಿಯ ಉತ್ತರ ನೋಡಿದೆ. 390 ಪದಗಳ ಪ್ಯಾಸೇಜ್‌ಗೆ 130 ಸಾಕು, ಅವಳು ಬರೆದದ್ದು 190. ವಿಷಯವೆಲ್ಲ ಸರಿಯಿತ್ತು, ಉದಾಹರಣೆಗಳನ್ನೂ ಹೊತ್ತು ತಂದಿದ್ದಳು ಅಷ್ಟೇ. ಬಾವಿ ಬತ್ತಿದ್ದು, ಕೆರೆ ಒಣಗಿದ್ದು, ಬೋರ್‌ವೆಲ್ ಕೈಕೊಟ್ಟಿದ್ದು ಅಂತ ಮೂರು ಸಾಲು. "ನೀರಿನ ಮೂಲಗಳು ಬತ್ತಿದವು" ಎಂದು ಒಂದೇ ಸಾಲಿಗೆ ಇಳಿಸಿದಳು. ಉಳಿದ ಉದಾಹರಣೆಗಳನ್ನೂ ಹೀಗೇ ಕತ್ತರಿಸಿದ ಮೇಲೆ 134ಕ್ಕೆ ಬಂತು. ವಾದದ ಕ್ರಮ ಮಾತ್ರ ಮೂಲದಲ್ಲಿದ್ದ ಹಾಗೇ ಇರಬೇಕು.

ಬೇರೆ ಪರೀಕ್ಷೆಯ ಪ್ರಶ್ನೆ ಟೈಟಲ್ ಕೇಳಿದರೆ ಖಂಡಿತ ಕೊಡಿ.